ಕೋಲ್ಡ್ ಕಾಲ್ ಸ್ಕ್ರಿಪ್ಟ್: 14 ತಿಂಗಳ ಬಳಕೆಯ ನಂತರ

ಮಡಿಕೇರಿಯ ಹತ್ತಿರ ಕಾಫಿ ಬೀಜ ಹುರಿದು ಪುಡಿ ಮಾಡುವ ಸಣ್ಣ ಘಟಕ ನನ್ನದು. ಪರಿಚಯವಿಲ್ಲದ ಹೋಂಸ್ಟೇ ಮತ್ತು ಹೋಟೆಲುಗಳಿಗೆ ನಾನೇ ಕರೆ ಮಾಡಿ ಗಿರಾಕಿಗಳನ್ನು ಹುಡುಕಬೇಕಾಗಿದ್ದರಿಂದ, ಅಂಥ ಕರೆಯಲ್ಲಿ ಏನು ಮಾತನಾಡಬೇಕೆಂದು ಸಣ್ಣ ವ್ಯಾಪಾರಿಗಳಿಗೆಂದೇ ಬರೆದ ಈ ಸ್ಕ್ರಿಪ್ಟನ್ನು 750 ರೂಪಾಯಿ ಕೊಟ್ಟು ತರಿಸಿಕೊಂಡೆ. ಮಾತಿನ ಆರಂಭಕ್ಕೊಂದು, ಆಕ್ಷೇಪಗಳಿಗೊಂದು, ಮುಂದಿನ ಹೆಜ್ಜೆಗೊಂದು ಎಂದು ಮೂರು ಹಾಳೆಗಳಿವೆ. ಮೊದಲನೆಯದೂ ಮೂರನೆಯದೂ ಇಂದಿಗೂ ನನ್ನ ಮೇಜಿನ ಮೇಲಿವೆ. ಎರಡನೆಯದನ್ನು ನಾಲ್ಕನೇ ತಿಂಗಳಲ್ಲೇ ತೆಗೆದಿಟ್ಟೆ.

ಹೋಂಸ್ಟೇಗಳಲ್ಲಿ ಅತಿಥಿಗಳು ಹೊರಟು, ಮುಂದಿನವರು ಬರುವ ಮೊದಲು ಸ್ವಲ್ಪ ಬಿಡುವಿರುತ್ತದೆ. ಹಾಗಾಗಿ ಹನ್ನೊಂದೂವರೆಗೆ ಹುರಿಯುವ ಯಂತ್ರವನ್ನೂ ಪುಡಿ ಗಿರಣಿಯನ್ನೂ ನಿಲ್ಲಿಸಿ, ಕೈತೊಳೆದು, ಸಿಗ್ನಲ್ ಚೆನ್ನಾಗಿ ಸಿಗುವ ಪೂರ್ವದ ಕಿಟಕಿಯ ಬಳಿ ನಿಂತುಕೊಳ್ಳುತ್ತೇನೆ. ದಿನಕ್ಕೆ ನಾಲ್ಕೇ ಕರೆ. ಪಕ್ಕದಲ್ಲಿರುವ ನೋಟ್‌ಬುಕ್ಕಿನಲ್ಲಿ ಅವರು ಆಡಿದ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳುತ್ತೇನೆ.

ಆರಂಭದ ಹಾಳೆ ನೇರವಾಗಿದೆ: "ನಮಸ್ಕಾರ, ನಿಮಗೆ ನನ್ನ ಪರಿಚಯವಿಲ್ಲ. ಮಡಿಕೇರಿಯಿಂದ ಮಾತನಾಡುತ್ತಿದ್ದೇನೆ, ಕಾಫಿಪುಡಿಯ ವಿಷಯ. ಒಂದು ನಿಮಿಷದಲ್ಲಿ ಹೇಳಲೇ, ಅಥವಾ ಈಗ ಕೆಲಸದ ಹೊತ್ತೇ?" ಪರಿಚಯವಿಲ್ಲವೆಂದು ನಾವೇ ಹೇಳಿಬಿಟ್ಟರೆ, ಯಾರಿರಬಹುದು ಎಂಬ ಅವರ ಅನುಮಾನ ಅಲ್ಲಿಗೇ ಮುಗಿಯುತ್ತದೆ. ಕೆಲಸದ ಹೊತ್ತು ಎಂದವರನ್ನು ಮತ್ತೆ ಯಾವಾಗ ಕರೆ ಮಾಡಲಿ ಎಂದು ಕೇಳಿ ಬಿಟ್ಟುಬಿಡುತ್ತೇನೆ.

ನನಗೆ ಬೇಸರ ತಂದದ್ದು ಆಕ್ಷೇಪಗಳ ಹಾಳೆ. "ಈಗಾಗಲೇ ಬೇರೆಯವರಿಂದ ತೆಗೆದುಕೊಳ್ಳುತ್ತಿದ್ದೇವೆ" ಎಂದರೆ "ನಮ್ಮದು ಅದಕ್ಕಿಂತ ಉತ್ತಮ, ಅಗ್ಗ" ಎನ್ನಬೇಕೆಂದು ಅದರಲ್ಲಿದೆ. ಕೊಡಗಿನಲ್ಲಿ ಆ ಬೇರೆಯವರು ಬಹುತೇಕ ನೆಂಟರೋ ಪಕ್ಕದ ತೋಟದವರೋ ಆಗಿರುತ್ತಾರೆ. ಅವರ ಪುಡಿಯನ್ನು ಹೀಗಳೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೂರು ತಿಂಗಳು ಅದನ್ನೇ ಓದಿ, ಗಿರಾಕಿಗಳಾಗಬಹುದಾಗಿದ್ದ ಒಳ್ಳೆಯವರನ್ನು ಕಳೆದುಕೊಂಡೆ ಎಂಬ ನೋವು ನನಗಿದೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ "ನಮ್ಮ ತೋಟದ ಕಾಫಿಯೇ ಇದೆ" ಎಂಬ ಮಾತಿಗಂತೂ ಆ ಹಾಳೆಯಲ್ಲಿ ಉತ್ತರವೇ ಇಲ್ಲ.

ಆ ಮಾತು ಬಂದಾಗ ಈಗ ಉತ್ತರ ಕೊಡುವುದಿಲ್ಲ, ಒಂದು ಪ್ರಶ್ನೆ ಕೇಳುತ್ತೇನೆ. ಕಳೆದ ಮಳೆಗಾಲದ ಆರಂಭದಲ್ಲಿ ಕಕ್ಕಬ್ಬೆ ಕಡೆಯ ಹೋಂಸ್ಟೇಯೊಂದರ ಯಜಮಾನಿಯೂ ಹೀಗೆಯೇ ಹೇಳಿದರು. "ಒಳ್ಳೆಯದಾಯಿತು ಮೇಡಂ, ಪುಡಿ ಎಲ್ಲಿ ಮಾಡಿಸುತ್ತೀರಿ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೇಟೆಗೆ ಕೊಂಡುಹೋಗಬೇಕಪ್ಪ, ಈ ಮಳೆಯಲ್ಲಿ ಅದೇ ಕಷ್ಟ" ಎಂದರು. ಪುಡಿ ಮಾರಲು ಕರೆ ಮಾಡಿದ್ದ ನಾನು ಅವರದೇ ಬೀಜವನ್ನು ಹುರಿದು ಪುಡಿ ಮಾಡಿಕೊಡುವ ಕೆಲಸಕ್ಕೆ ಮಾತು ತಿರುಗಿಸಿದೆ. ಹುರಿದಾಗ ತೇವ ಹೋಗಿ ತೂಕ ಇಳಿಯುತ್ತದೆ, ಐದು ಕಿಲೋ ಬೀಜಕ್ಕೆ ಸುಮಾರು ನಾಲ್ಕೂಕಾಲು ಕಿಲೋ ಪುಡಿ ಬರುತ್ತದೆ ಎಂಬುದನ್ನೂ ಆಗಲೇ ತಿಳಿಸಿದೆ. ತಲುಪಿಸಿದ ಮೇಲೆ ಹೇಳಿದ್ದರೆ ಕದ್ದಂತೆ ಕಾಣುತ್ತಿತ್ತು.

ಆ ಕರೆಯನ್ನು ಮುಗಿಸಿಕೊಟ್ಟದ್ದು ಮೂರನೇ ಹಾಳೆ, ಮತ್ತು ಈ ಸ್ಕ್ರಿಪ್ಟಿನ ಬಗ್ಗೆ ನನ್ನ ಮನಸ್ಸು ಮೆತ್ತಗಾದದ್ದೂ ಅದರಿಂದಲೇ. ಮೊದಲೆಲ್ಲ ನಾನು "ನೋಡಿ ತಿಳಿಸಿ" ಎಂದು ಫೋನ್ ಇಡುತ್ತಿದ್ದೆ, ಯಾರೂ ತಿಳಿಸುತ್ತಿರಲಿಲ್ಲ. ದಿನ, ಹೊತ್ತು, ಯಾರ ಕೈಗೆ ಏನು ಎಂಬ ಮೂರೂ ಸ್ಪಷ್ಟವಾಗುವವರೆಗೆ ಕರೆ ಮುಗಿದಿಲ್ಲವೆಂದು ಈ ಹಾಳೆ ಹೇಳುತ್ತದೆ. "ಗುರುವಾರ ಹನ್ನೊಂದು ಗಂಟೆಗೆ ಬಂದು ಐದು ಕಿಲೋ ಬೀಜ ಒಯ್ಯುತ್ತೇನೆ, ಶನಿವಾರ ಪುಡಿ ತರುತ್ತೇನೆ. ನೀವು ಮನೆಯಲ್ಲಿರುತ್ತೀರಾ?" ಎಂದೆ. ತಾವು ಇರುವುದಿಲ್ಲ, ಅಡುಗೆಯವರ ಕೈಯಲ್ಲಿ ಕೊಡಿಸುತ್ತೇನೆ ಎಂದರು. ಫೋನ್ ಇಟ್ಟ ಕೂಡಲೇ ಅದನ್ನೇ ಒಂದು ಸಾಲಿನಲ್ಲಿ ವಾಟ್ಸಾಪ್ ಮಾಡಿದೆ. ಅಂದಿನಿಂದ ಪ್ರತಿ ತಿಂಗಳೂ ಅವರ ಬೀಜ ನನ್ನಲ್ಲಿಗೆ ಬರುತ್ತಿದೆ.

"ವಾಟ್ಸಾಪ್‌ನಲ್ಲಿ ಕಳುಹಿಸಿ" ಎಂದು ಮಾತು ಮುಗಿಸುವವರ ವಿಷಯದಲ್ಲೂ ಇದೇ ಹಾಳೆ ನೆರವಾಗುತ್ತದೆ. "ಖಂಡಿತ, ದರ ಕಳುಹಿಸಲೇ, ಚಿಕೋರಿ ಎಷ್ಟಿದೆ ಎಂಬುದನ್ನು ಕಳುಹಿಸಲೇ?" ಎಂದು ಕೇಳಬೇಕು. ಒಂದನ್ನು ಆರಿಸಿದವರಿಗೆ ಆಸಕ್ತಿಯಿದೆ; "ಎಲ್ಲ ಕಳುಹಿಸಿ" ಎಂದವರು ಸಾಮಾನ್ಯವಾಗಿ ಮರ್ಯಾದೆಯಿಂದ ಬೇಡವೆನ್ನುತ್ತಿದ್ದಾರೆ. ಅಂಥವರಿಗೆ ಕಳುಹಿಸುತ್ತೇನೆ, ಆದರೆ ಮತ್ತೆ ಕರೆ ಮಾಡುವುದಿಲ್ಲ.

ಒಂದು ಕೊರತೆ ಮಾತ್ರ ಗಂಭೀರವಾದದ್ದು. ಬೇಡದ ವ್ಯಾಪಾರದ ಕರೆಗಳನ್ನು ತಡೆಯಲು ಜನ ಡಿಎನ್‌ಡಿಯಲ್ಲಿ ನೋಂದಾಯಿಸಿರುತ್ತಾರೆ, 1909ಕ್ಕೆ ದೂರನ್ನೂ ಕೊಡಬಹುದು. ಸ್ಕ್ರಿಪ್ಟಿನಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಹೀಗಾಗಿ ಒಂದೇ ದಿನ ನೂರಾರು ಸಂಖ್ಯೆಗಳಿಗೆ ಕರೆ ಮಾಡುವ ಯೋಚನೆಯಿರುವವರಿಗೆ ಈ ಸ್ಕ್ರಿಪ್ಟನ್ನು ಕೊಳ್ಳಿ ಎಂದು ನಾನು ಹೇಳಲಾರೆ. ವ್ಯಾಪಾರಕ್ಕೆಂದೇ ತಮ್ಮ ಬೋರ್ಡಿನಲ್ಲಿ ಸಂಖ್ಯೆ ಬರೆಸಿದವರಿಗೆ ಮಾತ್ರ ನಾನು ಕರೆ ಮಾಡುತ್ತೇನೆ, ಬೇಡವೆಂದವರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುತ್ತೇನೆ.