ಸಂದರ್ಶನ ಸಮಿತಿಗೆ ಕಳುಹಿಸುವ ಸಂದೇಶ: ನಾಲ್ಕು ವಿಧಾನಗಳನ್ನು ಬಳಸಿ ನೋಡಿದ ಮೇಲೆ

ನಾನು ಒಂದು ಸೌಹಾರ್ದ ಸಹಕಾರಿಯ ಆಡಳಿತ ವಿಭಾಗದಲ್ಲಿದ್ದೇನೆ. ಹುದ್ದೆ ಖಾಲಿಯಾದಾಗಲೆಲ್ಲ ಸಂದರ್ಶನ ಸಮಿತಿಯ ಸದಸ್ಯರ ಸಮಯವನ್ನು ಕಾಯ್ದಿರಿಸುವುದು, ಅಭ್ಯರ್ಥಿಗಳ ಪರಿಚಯ ಟಿಪ್ಪಣಿಯನ್ನು ಅವರಿಗೆ ತಲುಪಿಸುವುದು ಮತ್ತು ಸಂದರ್ಶನದ ಬಳಿಕ ಲಿಖಿತ ಅಭಿಪ್ರಾಯವನ್ನು ಗಡುವಿನೊಳಗೆ ಪಡೆಯುವುದು ನನ್ನ ಪಾಲಿಗೆ ಬಂದ ಕೆಲಸ. ನಮ್ಮ ಸಮಿತಿಯಲ್ಲಿ ನಾಲ್ವರಿರುತ್ತಾರೆ: ಮುಖ್ಯ ಕಾರ್ಯನಿರ್ವಾಹಕರು, ಒಬ್ಬ ನಿರ್ದೇಶಕರು, ಸಾಲ ವಿಭಾಗದ ಮುಖ್ಯಸ್ಥರು ಮತ್ತು ಹೊರಗಿನ ತಜ್ಞರಾಗಿ ಬರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು. ಈ ನಾಲ್ವರಿಗೆ ಬರೆಯುವ ಸಂದೇಶವನ್ನು ನಾನು ನಾಲ್ಕು ವಿಧಾನಗಳಲ್ಲಿ ಕಳುಹಿಸಿ ನೋಡಿದ್ದೇನೆ. ಸಂದೇಶದ ಒಕ್ಕಣೆಗಿಂತ ಅದನ್ನು ಯಾವಾಗ, ಯಾವ ರೂಪದಲ್ಲಿ ಕಳುಹಿಸುತ್ತೇವೆ ಎಂಬುದರಿಂದಲೇ ಫಲಿತಾಂಶ ಬದಲಾಗುತ್ತದೆ ಎಂಬುದು ಈ ಪ್ರಯೋಗಗಳಿಂದ ನನಗೆ ಮನದಟ್ಟಾಯಿತು.

ಮೊದಲು ಬಳಸಿದ್ದು ಎಲ್ಲರೂ ಬಳಸುವ ವಿಧಾನ, ಅಂದರೆ ಎಲ್ಲವನ್ನೂ ಒಳಗೊಂಡ ಒಂದೇ ಇಮೇಲ್. ದಿನಾಂಕ, ಸಮಯ, ಸ್ಥಳ, ಮೂವರು ಅಭ್ಯರ್ಥಿಗಳ ಸ್ವವಿವರದ ಕಡತಗಳು, ಕೊನೆಯಲ್ಲಿ ‘ಸಂದರ್ಶನದ ಬಳಿಕ ತಮ್ಮ ಅಭಿಪ್ರಾಯವನ್ನು ಆದಷ್ಟು ಬೇಗ ತಿಳಿಸಬೇಕಾಗಿ ವಿನಂತಿ’ ಎಂಬ ಸಾಲು. ಎರಡು ಗಂಟೆಯೊಳಗೆ ನಾಲ್ವರಿಂದಲೂ ‘ಆಯಿತು’ ಎಂಬ ಉತ್ತರ ಬಂದಿದ್ದರಿಂದ ಎಲ್ಲವೂ ಸರಿಯಾಗಿದೆ ಎಂದುಕೊಂಡೆ. ಆದರೆ ಆ ಒಂದು ಪದ ಮೂರು ಕೋರಿಕೆಗಳಲ್ಲಿ ಯಾವುದಕ್ಕೆ ಒಪ್ಪಿಗೆ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಸಂದರ್ಶನದ ಹಿಂದಿನ ದಿನ ನೆನಪಿಸಲು ಕರೆ ಮಾಡಿದಾಗ ನಿರ್ದೇಶಕರು ಅದೇ ಬೆಳಿಗ್ಗೆ ಸಂಬಂಧಿಕರ ಮದುವೆಗೆ ಹೊರಡುವವರಿದ್ದರು. ಅವರು ಮೇಲ್ ಓದಿದ್ದರು, ಆದರೆ ಡೈರಿಯಲ್ಲಾಗಲಿ ಫೋನಿನಲ್ಲಾಗಲಿ ಗುರುತು ಹಾಕಿಕೊಂಡಿರಲಿಲ್ಲ. ‘ಆದಷ್ಟು ಬೇಗ’ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಅರ್ಥ ಮಾಡಿಕೊಂಡರು. ಕೊನೆಯ ಅಭಿಪ್ರಾಯ ಐದನೆಯ ದಿನ ಬಂತು, ಅದರಲ್ಲಿದ್ದದ್ದು ‘ಹುಡುಗ ಚೆನ್ನಾಗಿದ್ದಾನೆ’ ಎಂಬ ಎರಡು ಪದ ಮಾತ್ರ. ಮೂವರಲ್ಲಿ ಯಾವ ಹುಡುಗ ಎಂದು ಮತ್ತೆ ಕೇಳಬೇಕಾಯಿತು.

ಎರಡನೆಯ ಬಾರಿ ಎಲ್ಲವನ್ನೂ ಗೂಗಲ್ ಕ್ಯಾಲೆಂಡರ್ ಆಹ್ವಾನದೊಳಗೆ ಹಾಕಿದೆ. ಸಮಯ ಕಾಯ್ದಿರಿಸುವ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಯಾರು ಒಪ್ಪಿದ್ದಾರೆ, ಯಾರು ಇನ್ನೂ ಉತ್ತರಿಸಿಲ್ಲ ಎಂಬುದು ನನಗೆ ಹೆಸರುಗಳ ಪಕ್ಕದಲ್ಲೇ ಕಾಣುತ್ತದೆ, ಹೊತ್ತು ಬದಲಾದರೆ ಅವರ ಫೋನಿನಲ್ಲಿಯೂ ತಾನಾಗಿ ಬದಲಾಗುತ್ತದೆ. ಆದರೆ ಆಹ್ವಾನವನ್ನು ಎಂಟು ದಿನ ಮೊದಲೇ ಕಳುಹಿಸಬೇಕಾಗುತ್ತದೆ, ಇಲ್ಲವಾದರೆ ನಾಲ್ವರ ಸಮಯ ಒಟ್ಟಿಗೆ ಸಿಗುವುದಿಲ್ಲ. ಎಂಟು ದಿನ ಮೊದಲು ಓದಿದ ಪರಿಚಯ ಟಿಪ್ಪಣಿ ಸಂದರ್ಶನದ ದಿನಕ್ಕೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅಂದು ಸಾಲ ವಿಭಾಗದ ಮುಖ್ಯಸ್ಥರು ಅಭ್ಯರ್ಥಿಯೆದುರೇ ‘ತಾವು ಈಗ ಎಲ್ಲಿ ಕೆಲಸ ಮಾಡುತ್ತಿದ್ದೀರಿ?’ ಎಂದು ಕೇಳಿದರು. ಆ ಉತ್ತರ ಟಿಪ್ಪಣಿಯ ಮೊದಲ ಸಾಲಿನಲ್ಲೇ ಇತ್ತು.

ಈ ವಿಧಾನದಲ್ಲಿ ನನ್ನಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಇದು ಯಾರಿಂದಲೂ ಆಗಬಹುದಾದ ತಪ್ಪು. ಒಬ್ಬ ಅಭ್ಯರ್ಥಿ ವೀಡಿಯೊ ಮೂಲಕ ಭಾಗವಹಿಸಬೇಕಿತ್ತು. ಮೀಟ್ ಲಿಂಕ್ ಸುಲಭವಾಗಿ ತಲುಪಲೆಂದು ಅವರ ಇಮೇಲ್ ವಿಳಾಸವನ್ನೂ ಅದೇ ಆಹ್ವಾನಕ್ಕೆ ಸೇರಿಸಿಬಿಟ್ಟೆ. ಆಹ್ವಾನದ ವಿವರಣೆಯಲ್ಲಿ ‘ವಸೂಲಾತಿಯ ಅನುಭವ ಕಡಿಮೆ ಎನಿಸುತ್ತದೆ, ಒತ್ತಿ ಕೇಳಿ’ ಎಂದು ಸಮಿತಿಗಾಗಿ ಬರೆದ ಸಾಲಿತ್ತು, ಅದನ್ನು ಅವರು ಓದಿದರು. ಸಂದರ್ಶನದಲ್ಲಿ ಆ ಪ್ರಶ್ನೆಗೆ ಅವರು ಸಿದ್ಧ ಉತ್ತರ ಕೊಟ್ಟಾಗಲೇ ನನಗೆ ಹೊಳೆದದ್ದು. ಅಂದಿನಿಂದ ಅಭ್ಯರ್ಥಿಗೆ ಹೋಗುವ ಆಹ್ವಾನವೇ ಬೇರೆ, ಸಮಿತಿಗೆ ಹೋಗುವುದೇ ಬೇರೆ. ಲಿಂಕ್ ಮಾತ್ರ ಎರಡರಲ್ಲೂ ಒಂದೇ ಇರುತ್ತದೆ.

ವಾಟ್ಸಾಪ್ ಗುಂಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂದೇಶವನ್ನು ಎಲ್ಲರೂ ಬೇಗ ನೋಡುತ್ತಾರೆ, ಅಲ್ಲಿಗೆ ಅದರ ಲಾಭ ಮುಗಿಯಿತು. ಸ್ವವಿವರದ ಕಡತ ಒಂದೇ ಬೆರಳಿನಲ್ಲಿ ಮುಂದಕ್ಕೆ ರವಾನೆಯಾಗುತ್ತದೆ. ನಮ್ಮಂಥ ಜಿಲ್ಲಾ ಕೇಂದ್ರದಲ್ಲಿ ಒಂದು ಸಹಕಾರಿಯ ನಿರ್ದೇಶಕರಿಗೆ ಇನ್ನೊಂದರ ಅಧ್ಯಕ್ಷರು ಪರಿಚಿತರೇ ಆಗಿರುವುದರಿಂದ, ಅಭ್ಯರ್ಥಿ ಬೇರೆಡೆ ಅರ್ಜಿ ಹಾಕಿರುವ ಸುದ್ದಿ ಅವರ ಈಗಿನ ಕಚೇರಿಗೆ ಅಂದೇ ಸಂಜೆ ತಲುಪಬಹುದು. ಇದಕ್ಕಿಂತ ದೊಡ್ಡ ತೊಂದರೆ ಅಭಿಪ್ರಾಯದ್ದು. ಮುಖ್ಯ ಕಾರ್ಯನಿರ್ವಾಹಕರು ಗುಂಪಿನಲ್ಲಿ ‘ಎರಡನೆಯವರು ಸೂಕ್ತ’ ಎಂದು ಬರೆದ ಮೇಲೆ ಉಳಿದ ಮೂವರಿಂದ ಬಂದದ್ದು ಮೂರು ‘ಸಹಮತವಿದೆ ಸರ್’ ಮಾತ್ರ. ನಾಲ್ವರನ್ನು ಕೂರಿಸಿದ ಉದ್ದೇಶವೇ ಅಲ್ಲಿ ಕೈತಪ್ಪಿತು.

ಈಗ ಅನುಸರಿಸುತ್ತಿರುವುದು ನಾಲ್ಕನೆಯ ವಿಧಾನ: ಮೂರು ಕೋರಿಕೆಗಳಿಗೆ ಮೂರು ಸಂದೇಶ, ಪ್ರತಿಯೊಂದೂ ಅದರದರ ಹೊತ್ತಿಗೆ. ಕಳೆದ ಬಾರಿ ಸಾಲ ಅಧಿಕಾರಿ ಹುದ್ದೆಗೆ ಮೂವರನ್ನು ಒಂದು ಗುರುವಾರ ಕರೆದಿದ್ದೆವು. ಅದನ್ನೇ ಉದಾಹರಣೆಯಾಗಿ ವಿವರಿಸುತ್ತೇನೆ.

ಎಂಟು ದಿನ ಮೊದಲು, ಬುಧವಾರ, ಕ್ಯಾಲೆಂಡರ್ ಆಹ್ವಾನ ಹೋಯಿತು. ಅದರ ಶೀರ್ಷಿಕೆಯಲ್ಲಿ ‘ಸಂದರ್ಶನ: ಸಾಲ ಅಧಿಕಾರಿ’ ಎಂದಷ್ಟೇ ಇತ್ತು. ಫೋನಿನ ಪರದೆಯ ಮೇಲೆ ಪಕ್ಕದವರಿಗೂ ಕಾಣುವುದರಿಂದ ಅಭ್ಯರ್ಥಿಗಳ ಹೆಸರನ್ನು ಶೀರ್ಷಿಕೆಯಲ್ಲಿ ಹಾಕುವುದಿಲ್ಲ. ವಿವರಣೆಯಲ್ಲಿದ್ದದ್ದು ಇಷ್ಟು:

‘ಮಾನ್ಯರೇ, ಗುರುವಾರ ಬೆಳಿಗ್ಗೆ 10.30ರಿಂದ ಮಧ್ಯಾಹ್ನ 1ರವರೆಗಿನ ಸಮಯವನ್ನು ಸಾಲ ಅಧಿಕಾರಿ ಹುದ್ದೆಯ ಸಂದರ್ಶನಕ್ಕಾಗಿ ಕಾಯ್ದಿರಿಸಬೇಕಾಗಿ ವಿನಂತಿ. ಮೂವರು ಅಭ್ಯರ್ಥಿಗಳಿದ್ದಾರೆ. ತಮಗೆ ಅನುಕೂಲವಿಲ್ಲದಿದ್ದರೆ ಶುಕ್ರವಾರ ಸಂಜೆ 5ರೊಳಗೆ ತಿಳಿಸಿದರೆ ದಿನಾಂಕ ಬದಲಿಸಲು ಅವಕಾಶವಿರುತ್ತದೆ. ಅಭ್ಯರ್ಥಿಗಳ ಪರಿಚಯ ಟಿಪ್ಪಣಿಯನ್ನು ಮುಂದಿನ ಬುಧವಾರ ಸಂಜೆ ಕಳುಹಿಸಲಾಗುವುದು.’

ಎರಡೂವರೆ ಗಂಟೆಯ ಲೆಕ್ಕ ಹೀಗಿದೆ. ಒಬ್ಬರಿಗೆ 40 ನಿಮಿಷ ಸಂದರ್ಶನ, ಅದರ ಬೆನ್ನಿಗೇ 10 ನಿಮಿಷ ಬರವಣಿಗೆ. ಮೊದಲನೆಯವರು 10.30ಕ್ಕೆ, ಎರಡನೆಯವರು 11.20ಕ್ಕೆ, ಮೂರನೆಯವರು 12.10ಕ್ಕೆ. ಆ 10 ನಿಮಿಷಗಳನ್ನು ಕಾಯ್ದಿರಿಸಿದ ಸಮಯದೊಳಗೇ ಸೇರಿಸಿದ್ದರಿಂದ ಅಭಿಪ್ರಾಯ ಬೇಗ ಬರತೊಡಗಿತು. ಮೊದಲು ನಾನು ಗಡುವನ್ನು ಮಾತ್ರ ಕೊಡುತ್ತಿದ್ದೆ, ಬರೆಯಲು ಬೇಕಾದ ಸಮಯವನ್ನು ಕೊಡುತ್ತಿರಲಿಲ್ಲ. ಸಂದರ್ಶನ ಮುಗಿಯುತ್ತಲೇ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಏಳುತ್ತಿದ್ದರು.

ಎರಡನೆಯ ಸಂದೇಶ ಸಂದರ್ಶನದ ಹಿಂದಿನ ಸಂಜೆ 5ಕ್ಕೆ ಇಮೇಲಿನಲ್ಲಿ ಹೋಯಿತು. ಸ್ವವಿವರದ ಕಡತಗಳನ್ನು ಲಗತ್ತಿಸದೆ, ಆ ನಾಲ್ವರಿಗೆ ಮಾತ್ರ ತೆರೆಯುವ ಫೋಲ್ಡರಿನ ಲಿಂಕ್ ಕೊಟ್ಟಿದ್ದೆ. ಪ್ರತಿ ಅಭ್ಯರ್ಥಿಯ ಬಗ್ಗೆ ಐದಾರು ಸಾಲು. ಒಬ್ಬರ ಟಿಪ್ಪಣಿ ಹೀಗಿತ್ತು:

‘ಅಭ್ಯರ್ಥಿ 2, ಸಮಯ 11.20. ಬಿ.ಕಾಂ. ಪದವೀಧರರು. ಪತ್ತಿನ ಸಹಕಾರ ಸಂಘವೊಂದರಲ್ಲಿ ಏಳು ವರ್ಷಗಳ ಸೇವೆ. ಮೊದಲ ಮೂರು ವರ್ಷ ಪಿಗ್ಮಿ ಮತ್ತು ಠೇವಣಿ ವಿಭಾಗ, ನಂತರ ಆಭರಣ ಸಾಲ. ಆಸ್ತಿ ಅಡಮಾನ ಸಾಲದ ಕಡತಗಳನ್ನು ಪರಿಶೀಲಿಸಿದ್ದಾಗಿ ಅರ್ಜಿಯಲ್ಲಿದೆ, ಎಷ್ಟು ಕಾಲ ಎಂಬುದಿಲ್ಲ. ಸುಸ್ತಿ ಸಾಲದ ವಸೂಲಾತಿಯ ಉಲ್ಲೇಖವಿಲ್ಲ. ಆಯ್ಕೆಯಾದರೆ ಎರಡು ತಿಂಗಳ ನೋಟಿಸ್ ಅವಧಿ ಪೂರೈಸಬೇಕಿದೆ.’

ಇದರಲ್ಲಿ ಏನನ್ನು ಬಿಟ್ಟಿದ್ದೇನೆ ಎಂಬುದೂ ಮುಖ್ಯ. ಈಗಿನ ಸಂಬಳವಿಲ್ಲ, ಯಾರ ಶಿಫಾರಸಿನಿಂದ ಅರ್ಜಿ ಬಂತು ಎಂಬುದಿಲ್ಲ, ಲಿಖಿತ ಪರೀಕ್ಷೆಯ ಅಂಕವಿಲ್ಲ, ನನ್ನ ಅನಿಸಿಕೆಯಂತೂ ಇಲ್ಲವೇ ಇಲ್ಲ. ಹಿಂದಿನ ನೇಮಕಾತಿಗಳಲ್ಲಿ ‘ಪರೀಕ್ಷೆಯಲ್ಲಿ ಪ್ರಥಮ’ ಎಂದು ಬರೆದಾಗ ಆ ಅಭ್ಯರ್ಥಿಗೆ ಸುಲಭದ ಪ್ರಶ್ನೆಗಳು ಬಂದದ್ದನ್ನು ನಾನೇ ನೋಡಿದ್ದೇನೆ. ‘ಅನುಭವ ಕಡಿಮೆ ಎನಿಸುತ್ತದೆ’ ಎಂದು ಬರೆಯುವುದಕ್ಕೂ ‘ಉಲ್ಲೇಖವಿಲ್ಲ’ ಎಂದು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ನನ್ನ ತೀರ್ಪು, ಎರಡನೆಯದು ಅರ್ಜಿಯಲ್ಲಿ ಯಾರು ಬೇಕಾದರೂ ನೋಡಬಹುದಾದ ಸಂಗತಿ. ಅದೇ ಮೇಲಿನಲ್ಲಿ ಯಾರು ಯಾವುದನ್ನು ಕೇಳಬೇಕೆಂದೂ ಹಂಚಿದ್ದೆ: ಅಡಮಾನ ದಾಖಲೆಗಳ ಪರಿಶೀಲನೆ ತಜ್ಞರಿಗೆ, ವಸೂಲಾತಿ ಸಾಲ ವಿಭಾಗದವರಿಗೆ, ಸದಸ್ಯರೊಂದಿಗಿನ ವ್ಯವಹಾರ ನಿರ್ದೇಶಕರಿಗೆ. ಅದಕ್ಕೂ ಮೊದಲು ಮೂರು ಮಂದಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದುಂಟು.

ಮೂರನೆಯ ಸಂದೇಶ ಗುರುವಾರ 10.25ಕ್ಕೆ, ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ವಾಟ್ಸಾಪಿನಲ್ಲಿ ಹೋಯಿತು. ಅದರಲ್ಲಿ ಗೂಗಲ್ ಫಾರ್ಮಿನ ಲಿಂಕ್ ಮತ್ತು ಒಂದು ವಾಕ್ಯ: ‘ಮೂವರ ಬಗ್ಗೆಯೂ ತಮ್ಮ ಅಭಿಪ್ರಾಯವನ್ನು ಇಂದು ಸಂಜೆ 4ರೊಳಗೆ ಈ ನಮೂನೆಯಲ್ಲಿ ದಾಖಲಿಸಬೇಕಾಗಿ ವಿನಂತಿ, ನಾಳೆ ಬೆಳಿಗ್ಗೆ 11ರ ಸಭೆಗೆ ಇದನ್ನು ಒಟ್ಟುಗೂಡಿಸಬೇಕಿದೆ.’ ಗಡುವಿಗೆ ಗಂಟೆಯಿದೆ, ಕಾರಣವೂ ಇದೆ. ಕಾರಣ ಹೇಳದ ಗಡುವನ್ನು ಹಿರಿಯರು ಗಡುವೆಂದು ಪರಿಗಣಿಸುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ನಮೂನೆಯಲ್ಲಿ ಪ್ರತಿ ಅಭ್ಯರ್ಥಿಗೆ ಮೂರೇ ಪ್ರಶ್ನೆ: ನೇಮಿಸಬಹುದೇ, ಹಾಗೆನ್ನಲು ಅವರು ಕೊಟ್ಟ ಯಾವ ಉತ್ತರ ಆಧಾರ, ಯಾವುದರ ಬಗ್ಗೆ ಸಂದೇಹ ಉಳಿದಿದೆ. ಉತ್ತರಗಳ ಸಾರಾಂಶವನ್ನು ಭರ್ತಿ ಮಾಡಿದವರಿಗೆ ತೋರಿಸುವ ಆಯ್ಕೆಯನ್ನು ಫಾರ್ಮಿನಲ್ಲಿ ನಿಷ್ಕ್ರಿಯಗೊಳಿಸಿಡಬೇಕು, ಇಲ್ಲವಾದರೆ ವಾಟ್ಸಾಪ್ ಗುಂಪಿನ ತೊಂದರೆ ಇಲ್ಲಿಯೂ ಮರುಕಳಿಸುತ್ತದೆ.

ಮೂವರ ಉತ್ತರ 1.15ರೊಳಗೆ ಬಂದಿತ್ತು, ನಾಲ್ಕನೆಯದು 3.50ಕ್ಕೆ. ಅಭ್ಯರ್ಥಿ 2ರ ಬಗ್ಗೆ ಇಬ್ಬರು ಹೌದು, ಇಬ್ಬರು ಬೇಡ ಎಂದಿದ್ದರು. ಬೇಡವೆಂದವರಲ್ಲಿ ತಜ್ಞರು ‘ಋಣಭಾರ ಪ್ರಮಾಣಪತ್ರದಲ್ಲಿ ಏನನ್ನು ನೋಡುತ್ತೀರಿ ಎಂದಾಗ ಮಾಲೀಕರ ಹೆಸರನ್ನು ಮಾತ್ರ ಹೇಳಿದರು, ಹಿಂದಿನ ಅಡಮಾನದ ನಮೂದನ್ನು ಹೇಳಲಿಲ್ಲ’ ಎಂದು ಬರೆದಿದ್ದರು. ಅಡಮಾನ ಸಾಲ ಮಂಜೂರು ಮಾಡುವ ಹುದ್ದೆಗೆ ಇದಕ್ಕಿಂತ ಉಪಯುಕ್ತವಾದ ಸಾಲು ಬೇಕಿಲ್ಲ. ಮರುದಿನದ ಸಭೆ ಆ ಒಂದು ಸಾಲಿನಿಂದಲೇ ಆರಂಭವಾಯಿತು.

ಈ ವಿಧಾನಕ್ಕೂ ಕೊರತೆಗಳಿವೆ. ದಿನಾಂಕ ಬದಲಾದರೆ ಸಮಿತಿಯ ಆಹ್ವಾನ, ಅಭ್ಯರ್ಥಿಗಳ ಆಹ್ವಾನ, ಟಿಪ್ಪಣಿಯಲ್ಲಿನ ಸಮಯ, ನಮೂನೆಯ ಗಡುವು ಎಲ್ಲವನ್ನೂ ಕೈಯಾರೆ ತಿದ್ದಬೇಕು. ಒಮ್ಮೆ ಹಳೆಯ ಗಡುವೇ ಉಳಿದುಹೋಗಿ ಗೊಂದಲವಾಗಿತ್ತು. ಕ್ಯಾಲೆಂಡರ್ ಬಳಸದ ಸದಸ್ಯರಿಗೆ ಆಹ್ವಾನದ ಜೊತೆಗೆ ಕರೆ ಮಾಡಿ, ಅವರು ಡೈರಿಯಲ್ಲಿ ಬರೆದುಕೊಳ್ಳುವವರೆಗೆ ಫೋನಿನಲ್ಲೇ ಕಾಯುತ್ತೇನೆ. ಸಂದರ್ಶಿಸುವವರು ಒಬ್ಬಿಬ್ಬರೇ ಆಗಿ ಅಭ್ಯರ್ಥಿಯೂ ಒಬ್ಬರೇ ಆಗಿದ್ದರೆ ಇಷ್ಟೆಲ್ಲ ಬೇಡ, ಮೊದಲು ಹೇಳಿದ ಒಂದೇ ಮೇಲ್ ಸಾಕು. ಆದರೆ ಅದರಲ್ಲಿಯೂ ‘ಆದಷ್ಟು ಬೇಗ’ ಎಂಬುದನ್ನು ತೆಗೆದು ದಿನ ಮತ್ತು ಗಂಟೆ ಬರೆಯಬೇಕು.

ಗಡುವು ಮೀರಿದವರಿಗೆ ನಾನು ಗುಂಪಿನಲ್ಲಿ ನೆನಪಿಸುವುದಿಲ್ಲ. ಸಂಜೆ 4.10ಕ್ಕೆ ಕರೆ ಮಾಡಿ, ಉಳಿದವರು ಏನು ಬರೆದಿದ್ದಾರೆಂದು ಹೇಳದೆ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ನಮೂನೆಯಲ್ಲಿ ತುಂಬಿ, ಓದಿ ಹೇಳಿ ಒಪ್ಪಿಗೆ ಪಡೆಯುತ್ತೇನೆ.