ಶಿರಸಿ ಕಡೆ ಮಾರ್ತಾ ಇರೋ "ಹೊಸ ಕಾನೂನು" ಪ್ರಶ್ನೆ ಬ್ಯಾಂಕ್ ತಗೋಬೇಡಿ, ಶಿಕ್ಷೆ ಚಾಪ್ಟರ್ ತುಂಬ ತಪ್ಪು ಉತ್ತರ

ಸಿವಿಲ್ ಜಡ್ಜ್ ಪ್ರಿಲಿಮ್ಸ್ ಮತ್ತೆ ಎಪಿಪಿ ಪರೀಕ್ಷೆಗೆ ಓದ್ತಾ ಇರೋರು, ಅದ್ರಲ್ಲೂ ಕಾರವಾರ ಅಂಕೋಲಾ ಕುಮಟಾ ಶಿರಸಿ ಕಡೆಯೋರು, ದಯವಿಟ್ಟು ಇದನ್ನ ಓದಿ ಆಮೇಲೆ ದುಡ್ಡು ಹಾಕಿ. ಶಿರಸಿಯ ಒಂದು ಕೋಚಿಂಗ್ ಕ್ಲಾಸಿನೋರು ಸ್ಪೈರಲ್ ಬೈಂಡ್ ಮಾಡಿದ ಪ್ರಶ್ನೆ ಬ್ಯಾಂಕ್ ಮಾರ್ತಾ ಇದಾರೆ, ಹೆಸರು ಹಾಕೋದಿಲ್ಲ, ವಾಟ್ಸಾಪ್ ಗ್ರೂಪಲ್ಲಿ ಇದ್ದೋರಿಗೆಲ್ಲ ಗೊತ್ತಾಗ್ತದೆ. "ಪೂರ್ತಿ ಬಿಎನ್‌ಎಸ್ ಬಿಎನ್‌ಎಸ್‌ಎಸ್ ಪ್ರಕಾರ ಹೊಸದಾಗಿ ತಯಾರಿಸಿದ್ದು" ಅಂತ ಮುಖಪುಟದ ಮೇಲೇ ದೊಡ್ಡದಾಗಿ ಇದೆ. ಐಪಿಸಿ ಜಾಗಕ್ಕೆ ಬಂದ ಅಪರಾಧ ಸಂಹಿತೆ ಬಿಎನ್‌ಎಸ್, ಸಿಆರ್‌ಪಿಸಿ ಜಾಗಕ್ಕೆ ಬಂದ ವಿಚಾರಣಾ ವಿಧಾನದ ಸಂಹಿತೆ ಬಿಎನ್‌ಎಸ್‌ಎಸ್. 1,800 ರೂಪಾಯಿ, ಮೊದಲೇ ಫೋನ್‌ಪೇ ಮಾಡ್ಬೇಕು, ಆಮೇಲೇ ಕೊರಿಯರ್. ನಾನು ಕಾರವಾರ ಕೋರ್ಟಲ್ಲಿ ಒಬ್ರು ಸೀನಿಯರ್ ಹತ್ರ ಜೂನಿಯರ್, ಜೂನಿಯರ್‌ಗಳ ಕೈಗೆ ಎಷ್ಟು ಬರ್ತದೆ ಅಂತ ವಕೀಲರಿಗೆ ಹೇಳ್ಬೇಕಾಗಿಲ್ಲ. ಅಪ್ಪನ ಹತ್ರ ಕೇಳಿ ತಗೊಂಡ ದುಡ್ಡು ಅದು. ಬುಕ್ಕು ಹೇಗಿದೆ ಅಂತ ಅಪ್ಪ ಕೇಳಿದ್ರೆ ಮುಖ ಎತ್ತಿ ಉತ್ತರ ಕೊಡ್ಲಿಕ್ಕೆ ಆಗ್ತಾ ಇಲ್ಲ, ಅಷ್ಟು ನಾಚಿಕೆ ಆಗ್ತಿದೆ, ಅದಕ್ಕಿಂತ ಜಾಸ್ತಿ ಸಿಟ್ಟು.

ಶಿಕ್ಷೆಯ ವಿಧಗಳು ಅನ್ನೋ ಚಾಪ್ಟರ್ ತೆಗೆದೆ. ಮೊದಲನೇ ಪ್ರಶ್ನೆ ನೋಡಿ. "ಬಿಎನ್‌ಎಸ್ ಕಲಂ 4 ರ ಪ್ರಕಾರ ಕೆಳಗಿನವುಗಳಲ್ಲಿ ಯಾವುದು ಶಿಕ್ಷೆಯಲ್ಲ?" ಆಯ್ಕೆ ನಾಲ್ಕು, ಆಸ್ತಿ ಮುಟ್ಟುಗೋಲು, ಸಾದಾ ಕಾರಾವಾಸ, ಸಮುದಾಯ ಸೇವೆ, ದಂಡ. ಕೀ ಉತ್ತರ ಸಮುದಾಯ ಸೇವೆ ಅಂತೆ! ಕಲಂ 4 ರಲ್ಲಿ ಹೊಸದಾಗಿ ಸೇರಿಸಿದ್ದೇ ಸಮುದಾಯ ಸೇವೆ. ಐಪಿಸಿ 53 ರಲ್ಲಿ ಇದ್ದಿದ್ದು ಮರಣದಂಡನೆ, ಜೀವಾವಧಿ, ಕಠಿಣ ಮತ್ತೆ ಸಾದಾ ಕಾರಾವಾಸ, ಆಸ್ತಿ ಮುಟ್ಟುಗೋಲು, ದಂಡ ಇಷ್ಟೇ. 2024 ಜುಲೈ 1 ರಿಂದ ಬಂದ ಬಿಎನ್‌ಎಸ್ ಅದಕ್ಕೆ ಸಮುದಾಯ ಸೇವೆ ಸೇರಿಸ್ತು, ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡೋದು, ಮಾನಹಾನಿ, ಮೊದಲ ಸಲ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ವಾಪಸ್ ಕೊಟ್ಟೋರು, ಇಂಥ ಸಣ್ಣ ಅಪರಾಧಗಳಿಗೆ ಮಾತ್ರ. ಆ ನಾಲ್ಕು ಆಯ್ಕೆಲಿ ಶಿಕ್ಷೆ ಅಲ್ಲದ್ದು ಒಂದೂ ಇಲ್ಲ. ಪ್ರಶ್ನೆಯೇ ನಿಲ್ಲೋದಿಲ್ಲ.

ಆಗ ಪುಟಾನ ಕಿಟಕಿ ಹತ್ರ ಹಿಡಿದು ಸರಿಯಾಗಿ ನೋಡಿದೆ. "ಬಿಎನ್‌ಎಸ್ ಕಲಂ 4" ಅನ್ನೋದರ ಅಕ್ಷರ ಬೇರೆ, ಉಳಿದ ಸಾಲಿನ ಅಕ್ಷರ ಬೇರೆ, ಸ್ವಲ್ಪ ಓರೆ ಕೂಡ. ಸುತ್ತ ಸಣ್ಣ ಕಪ್ಪು ಗೆರೆ, ಚೀಟಿ ಅಂಟಿಸಿ ಝೆರಾಕ್ಸ್ ಹೊಡೆದ್ರೆ ಅಂಚಿನ ನೆರಳು ಬೀಳ್ತದಲ್ಲ, ಅದೇ. ಪುಟ ತಿರುಗಿಸ್ತಾ ಹೋದೆ, ಎಲ್ಲಾ ಕಡೆ ಅದೇ ಗೆರೆ. ಒಂದು ಕಡೆ ಅಂಟಿಸ್ಲಿಕ್ಕೇ ಮರೆತಿದಾರೆ, "ಕಲಂ 433-ಎ" ಅಂತ ಹಾಗೇ ಉಳಿದಿದೆ. ಹಳೇ ಐಪಿಸಿ ಸಿಆರ್‌ಪಿಸಿ ಬುಕ್ಕಿನ ಮೇಲೆ ಹೊಸ ನಂಬರ್ ಅಂಟಿಸಿ 1,800 ರೂಪಾಯಿಗೆ ನಮಗೆ ಮಾರಿದಾರೆ ಮಾರಾಯ್ರೇ. ಆ ಕ್ಷಣ ಎದೆ ಧಸಕ್ ಅಂತು. ಹೊಸದಾಗಿ ತಯಾರಿಸಿದ್ದಂತೆ, ಹೊಸದಾಗಿ!

ಹೋಗ್ಲಿ ನಂಬರ್ ಬದಲಾಯಿಸಿದ್ರೂ ಉತ್ತರ ಸರಿ ಇದ್ರೆ ಸುಮ್ನಿರ್ತಿದ್ದೆ. ಇಲ್ಲ. ಜೀವಾವಧಿ, ಶಿಕ್ಷೆ ಅವಧಿ ಕಡಿತ ಅಂದ್ರೆ ರೆಮಿಶನ್, ಪೆರೋಲ್ ಭಾಗದಲ್ಲಿ ಹಳೇ ಕಾನೂನಿನ ಪ್ರಕಾರ ನೋಡಿದ್ರೂ ತಪ್ಪು. ಈ ಒಂದು ಪ್ರಶ್ನೆ ನೀವೇ ಬಿಡಿಸಿ ನೋಡಿ:

"ಎ ಎಂಬಾತನಿಗೆ ಕೊಲೆಗಾಗಿ ಜೀವಾವಧಿ ಶಿಕ್ಷೆ ಆಗಿದೆ. ತೀರ್ಪಿಗೆ ಮೊದಲು 3 ವರ್ಷ ವಿಚಾರಣಾಧೀನ ಕೈದಿಯಾಗಿದ್ದ. ಜೈಲಿನಲ್ಲಿ ಸನ್ನಡತೆ ಮತ್ತು ಕೆಲಸಕ್ಕಾಗಿ 4 ವರ್ಷ ರೆಮಿಶನ್ ಗಳಿಸಿದ್ದಾನೆ. ತೀರ್ಪಿನ ನಂತರ ಕನಿಷ್ಠ ಎಷ್ಟು ವರ್ಷ ಕಳೆದ ಮೇಲೆ ಬಿಡುಗಡೆ?" ಆಯ್ಕೆ 7, 10, 11, 14.

ಕೀ ಉತ್ತರ 7. ಕೆಳಗೆ ವಿವರಣೆ ಬೇರೆ ಕೊಟ್ಟಿದಾರೆ, "ಜೀವಾವಧಿ ಎಂದರೆ 14 ವರ್ಷ, ಅದರಲ್ಲಿ 3 ಮತ್ತು 4 ಕಳೆದರೆ 7, ನಂತರ ಬಿಡುಗಡೆ ಕೈದಿಯ ಹಕ್ಕು". ಮೂರು ತುಂಡೂ ತಪ್ಪು.

ಜೀವಾವಧಿ ಅಂದ್ರೆ 14 ವರ್ಷ ಅಲ್ಲ. ಬದುಕಿರೋ ತನಕ. 1961 ರಲ್ಲೇ ಸುಪ್ರೀಂ ಕೋರ್ಟು ಗೋಪಾಲ ವಿನಾಯಕ ಗೋಡ್ಸೆ ಕೇಸಲ್ಲಿ ಇದನ್ನ ಹೇಳಿ ಆಗಿದೆ, ಸರ್ಕಾರ ಮಾಫಿ ಮಾಡಿ ಆದೇಶ ಮಾಡದೇ ಹೋದ್ರೆ ಕೈದಿ ಉಳಿದ ಆಯುಷ್ಯ ಪೂರ್ತಿ ಒಳಗೇ. ಹಂಗಾದ್ರೆ 14 ಎಲ್ಲಿಂದ ಬಂತು? ಸಿಆರ್‌ಪಿಸಿ 433-ಎ ಇಂದ, ಈಗ ಅದು ಬಿಎನ್‌ಎಸ್‌ಎಸ್ 475. ಮರಣದಂಡನೆ ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ರೆ, ಅಥವಾ ಗಲ್ಲು ಶಿಕ್ಷೆ ಇಳಿಸಿ ಜೀವಾವಧಿ ಮಾಡಿದ್ರೆ, ಸರ್ಕಾರ ಎಷ್ಟೇ ಮಾಫಿ ಕೊಟ್ರೂ 14 ವರ್ಷಕ್ಕೆ ಮೊದಲು ಬಿಡುವ ಹಾಗಿಲ್ಲ. ಅಂದ್ರೆ ಅದು ಸರ್ಕಾರದ ಕೈ ಕಟ್ಟೋ ಕಲಂ, ಕೈದಿಗೆ ಹಕ್ಕು ಕೊಡೋ ಕಲಂ ಅಲ್ಲ. 14 ವರ್ಷ ಆದ ಮೇಲೆ ಅರ್ಜಿ ಪರಿಗಣಿಸಬಹುದು, ಅಷ್ಟೇ. ಬಿಡ್ಲೇಬೇಕು ಅಂತ ಎಲ್ಲೂ ಇಲ್ಲ.

ಇನ್ನು ಆ 4 ವರ್ಷ ರೆಮಿಶನ್. ಜೈಲಲ್ಲಿ ಗಳಿಸಿದ ರೆಮಿಶನ್ ಈ 14 ಕ್ಕೆ ಜಮಾ ಆಗೋದಿಲ್ಲ, 14 ವರ್ಷ ನಿಜವಾಗಿ ಒಳಗೆ ಕಳೆದಿರ್ಬೇಕು, ಮಾರು ರಾಮ್ ಕೇಸಲ್ಲಿ 1980 ರಲ್ಲೇ ಸಂವಿಧಾನ ಪೀಠ ಈ ಕಲಂ ಎತ್ತಿ ಹಿಡಿದಿದೆ. ಆದ್ರೆ ವಿಚಾರಣಾಧೀನನಾಗಿ ಕಳೆದ 3 ವರ್ಷ ಮಾತ್ರ ಸೆಟ್ ಆಫ್ ಆಗ್ತದೆ. ಸಿಆರ್‌ಪಿಸಿ 428 ಕ್ಕೆ ಆಮೇಲೆ ಸೇರಿಸಿದ ಪರಂತುಕದಲ್ಲೇ ಬರೆದಿದೆ, 433-ಎ ಕೇಸುಗಳಲ್ಲಿ ಆ ಅವಧಿಯನ್ನ 14 ವರ್ಷದಿಂದ ಕಳೀಬೇಕು ಅಂತ, ಈಗ ಬಿಎನ್‌ಎಸ್‌ಎಸ್ 468 ರಲ್ಲೂ ಅದೇ ಇದೆ. ಹಾಗಾಗಿ 14 ರಲ್ಲಿ 3 ಹೋಯ್ತು, 4 ಹೋಗೋದಿಲ್ಲ, ಉತ್ತರ 11. ಅದೂ ಬಿಡುಗಡೆಗೆ ಅಲ್ಲ, ಪರಿಗಣನೆಗೆ. ಸಂವಿಧಾನದ 161 ನೇ ವಿಧಿಲಿ ರಾಜ್ಯಪಾಲರಿಗೆ ಇರೋ ಮಾಫಿ ಅಧಿಕಾರಕ್ಕೆ ಈ 14 ರ ತಡೆ ಇಲ್ಲ, ಅದಕ್ಕೇ ಪ್ರಶ್ನೆಲಿ "ಕಲಂ 475 ರ ಅಡಿ" ಅಂತ ಇರ್ಬೇಕಿತ್ತು. ಅದೂ ಇಲ್ಲ.

ಮುಂದಿನ ಪುಟದಲ್ಲಿ ಮತ್ತೊಂದು, "ಜೀವಾವಧಿ ಶಿಕ್ಷೆಯ ಗರಿಷ್ಠ ಅವಧಿ ಎಷ್ಟು?" ಕೀ ಉತ್ತರ 20 ವರ್ಷ. ಹಿಂದಿನ ಪುಟದಲ್ಲಿ 14, ಇಲ್ಲಿ 20! ಆ 20 ಬರೋದು ಬಿಎನ್‌ಎಸ್ ಕಲಂ 6 ರಲ್ಲಿ, ಐಪಿಸಿಲಿ 57 ಇತ್ತು. ಶಿಕ್ಷೆಯ ಭಾಗ ಲೆಕ್ಕ ಹಾಕ್ಲಿಕ್ಕೆ ಮಾತ್ರ ಅದು. ಜೀವಾವಧಿ ಇರೋ ಅಪರಾಧದ ಪ್ರಯತ್ನಕ್ಕೆ ಬೇರೆ ಕಲಂ ಇಲ್ಲದಿದ್ರೆ ಅರ್ಧ ಶಿಕ್ಷೆ, ಆಯುಷ್ಯದ ಅರ್ಧ ಎಷ್ಟು ಅಂತ ಯಾರಿಗೆ ಗೊತ್ತು, ಅದಕ್ಕೇ 20 ಅಂತ ಹಿಡಿದು 10 ವರ್ಷ. ಅದು ಬಿಟ್ಟು ಬಿಡುಗಡೆಗೂ ಆ 20 ಕ್ಕೂ ಸಂಬಂಧ ಇಲ್ಲ.

ಪೆರೋಲ್ ಪ್ರಶ್ನೆ ನೋಡಿ ಇನ್ನೂ ಹೊಟ್ಟೆ ಉರೀತು, ಯಾಕಂದ್ರೆ ಕಾರವಾರದಿಂದ ಕೂಗಳತೆಲಿ ಇರೋ ಗೋವಾದ್ದೇ ಕೇಸು ಅದು. "ಗೋವಾ ಜೈಲಿನ ಜೀವಾವಧಿ ಕೈದಿ ಪೆರೋಲ್ ಮೇಲೆ ಹೊರಗಿದ್ದ ಅವಧಿಯು 14 ವರ್ಷದ ಲೆಕ್ಕಕ್ಕೆ ಸೇರುತ್ತದೆಯೇ?" ಕೀ ಉತ್ತರ "ಸೇರುತ್ತದೆ". ರೋಹನ್ ಧುಂಗಟ್ ಕೇಸಲ್ಲಿ 2023 ಜನವರಿಲಿ ಸುಪ್ರೀಂ ಕೋರ್ಟು ಗೋವಾದ 2006 ರ ಜೈಲು ನಿಯಮ ನೋಡಿ ಸೇರೋದಿಲ್ಲ ಅಂತ ಹೇಳಿದೆ. ಸೇರಿಸಿದ್ರೆ ವಶೀಲಿ ಇರೋ ಕೈದಿ ಮತ್ತೆ ಮತ್ತೆ ಪೆರೋಲ್ ತಗೊಂಡು ಹೊರಗಿದ್ದೇ 14 ವರ್ಷ ತುಂಬಿಸ್ತಾನೆ, ನಿಜವಾದ ಸೆರೆವಾಸ ಅನ್ನೋದಕ್ಕೆ ಅರ್ಥ ಉಳಿಯೋದಿಲ್ಲ ಅನ್ನೋದು ಕಾರಣ. ಮೇಲಿನ ಎ ಗೋವಾ ಜೈಲಲ್ಲಿದ್ದು, ಒಟ್ಟು 1 ವರ್ಷ ಪೆರೋಲಲ್ಲಿ ಹೊರಗಿದ್ದ ಅಂದ್ರೆ 11 ಅಲ್ಲ, 12 ಆಗ್ತದೆ.

ಇದನ್ನೆಲ್ಲ ಫೋಟೋ ತೆಗೆದು ಕ್ಲಾಸಿನ ಸರ್‌ಗೆ ಕಳಿಸಿದೆ. ಮರ್ಯಾದೆಲೇ ಬರೆದೆ, ಸರ್ ಇವು ತಪ್ಪಿವೆ, ತಿದ್ದುಪಡಿ ಪಟ್ಟಿ ಕೊಡ್ತೀರಾ ಅಂತ. ಮೊದಲ ಉತ್ತರ "ಪ್ರಿಂಟಿಂಗ್ ಮಿಸ್ಟೇಕ್ ಮೇಡಂ". ವಿವರಣೆ ಸಮೇತ ಪ್ರಿಂಟಿಂಗ್ ಮಿಸ್ಟೇಕ್ ಆಗ್ತದಾ? ಕೇಳಿದೆ. "ಹಳೇ ಕೇಸುಗಳಿಗೆ ಹಳೇ ಕಾನೂನೇ ಮೇಡಂ, ನೀವು ವಕೀಲ್ರು, ನಿಮಗೆ ಗೊತ್ತಿಲ್ವಾ?" ಗೊತ್ತಿದೆ ಸರ್. ಹಳೇ ಅಪರಾಧಕ್ಕೆ ಹಳೇ ಕಾನೂನು ಅಂತಾದ್ರೆ ಪ್ರಶ್ನೆಲಿ ಅಪರಾಧದ ದಿನಾಂಕ ಹಾಕಿ, ಮೇಲೆ ಬಿಎನ್‌ಎಸ್‌ಎಸ್ ಅಂತ ಯಾಕೆ ಅಂಟಿಸಿದ್ದು? ಇದಕ್ಕೆ ಬಂದಿದ್ದು ಒಂದು ಕೈ ಮುಗಿದ ಇಮೋಜಿ. ಮರುದಿನ ವಾಯ್ಸ್ ಮೆಸೇಜ್, "ನೋಡು ತಂಗಿ, ಎಲ್ರೂ ಇದೇ ಓದಿ ಪಾಸಾಗಿದಾರೆ, ನೀನೊಬ್ಳೇ ಕಂಪ್ಲೇಂಟು, ಅಷ್ಟು ಬಲ್ಲೋಳಾದ್ರೆ ನಮ್ಮ ಬುಕ್ ಯಾಕೆ ತಗೊಂಡೆ". ನಿನ್ನೆ ಮೇಡಂ ಇದ್ದೋಳು ಇವತ್ತು ತಂಗಿ ಆದೆ, ನೀನು ಆದೆ. ಬುಕ್ ವಾಪಸ್ ಕಳಿಸ್ತೇನೆ ದುಡ್ಡು ಹಾಕಿ ಅಂದೆ. "ಬುಕ್ ಓಪನ್ ಆಗಿದೆ, ರಿಫಂಡ್ ಪಾಲಿಸಿ ಇಲ್ಲ". ಓಪನ್ ಮಾಡದೇ ತಪ್ಪು ಹೇಗೆ ಕಾಣ್ತದೆ? ಗ್ರೂಪಲ್ಲಿ ಕೇಳಿದ್ದೇ ತಡ, ನನ್ನ ಗ್ರೂಪಿಂದ ತೆಗೆದ್ರು, ನಂಬರ್ ಬ್ಲಾಕ್.

ಯಾರ ಬುಕ್ಕೇ ತಗೊಳ್ಳೋದಾದ್ರೂ ದುಡ್ಡು ಹಾಕೋ ಮೊದಲು ಒಂದೇ ಒಂದು ಪುಟ ಕೇಳಿ, ಶಿಕ್ಷೆ ಪರಿವರ್ತನೆಯ ಪುಟ, ಬಿಎನ್‌ಎಸ್‌ಎಸ್ 474. ಹಳೇ 433 ರಲ್ಲಿ ಜೀವಾವಧಿಯನ್ನ 14 ವರ್ಷ ಮೀರದ ಕಾರಾವಾಸಕ್ಕೆ ಅಥವಾ ದಂಡಕ್ಕೆ ಇಳಿಸಬಹುದಿತ್ತು. ಹೊಸದರಲ್ಲಿ 7 ವರ್ಷಕ್ಕಿಂತ ಕಡಿಮೆ ಇಲ್ಲದ ಕಾರಾವಾಸಕ್ಕೆ ಮಾತ್ರ, ದಂಡಕ್ಕೆ ಇಳಿಸೋ ದಾರಿ ಇಲ್ಲ. ಗಲ್ಲು ಶಿಕ್ಷೆಯನ್ನ ಮೊದಲು ಬೇರೆ ಯಾವ ಶಿಕ್ಷೆಗೂ ಇಳಿಸಬಹುದಿತ್ತು, ಈಗ ಜೀವಾವಧಿಗೆ ಮಾತ್ರ. ಇಲ್ಲಿ ಕಲಂ ನಂಬರ್ ಅಷ್ಟೇ ಅಲ್ಲ, ಒಳಗಿನ ವಿಷಯವೇ ಬದಲಾಗಿದೆ, ಹಾಗಾಗಿ ಅಂಟಿಸಿದ ಬುಕ್ಕು ಇಲ್ಲಿ ಸಿಕ್ಕಿಬೀಳ್ತದೆ. ನನ್ನ ಬುಕ್ಕಲ್ಲಿ 474 ಅಂತ ನಂಬರ್ ಹಾಕಿ ಉತ್ತರ "14 ವರ್ಷ ಮೀರದಂತೆ ಅಥವಾ ದಂಡ" ಅಂತಾನೇ ಇದೆ. ಆ ಪುಟ ಕಳಿಸ್ಲಿಕ್ಕೆ ಮೀನಮೇಷ ಎಣಿಸಿದ್ರೆ ಅವರ ಸಹವಾಸ ಬೇಡ. ಬೇರ್ ಆಕ್ಟ್ ಇದಕ್ಕಿಂತ ಎಷ್ಟೋ ಕಡಿಮೆಗೆ ಬರ್ತದೆ.

ನಾನಂತೂ ಬಿಡೋದಿಲ್ಲ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೀತಾ ಇದೇನೆ, 5 ಲಕ್ಷದೊಳಗಿನ ಕೇಸಿಗೆ ಅಲ್ಲಿ ಫೀ ಇಲ್ಲ. ಫೋನ್‌ಪೇ ರಸೀದಿ, ಅಂಟಿಸಿದ ಪುಟಗಳ ಫೋಟೋ, ಆ ವಾಯ್ಸ್ ಮೆಸೇಜ್ ಎಲ್ಲ ಇಟ್ಕೊಂಡಿದೇನೆ. ನಿಮ್ಮಲ್ಲಿ ಯಾರಾದ್ರೂ ಅವರಿಗೆ ದುಡ್ಡು ಹಾಕಿದ್ರೆ ರಸೀದಿ ಡಿಲೀಟ್ ಮಾಡ್ಬೇಡಿ, ನನಗೆ ಮೆಸೇಜ್ ಮಾಡಿ, ಒಟ್ಟಿಗೇ ಹಾಕುವ. ಅವರು ಈಗ ಎರಡನೇ ಎಡಿಶನ್ ಅಂತ ಹೊಸ ಜಾಹೀರಾತು ಬಿಟ್ಟಿದಾರೆ, ರೇಟು 2,000 ಮಾಡಿದಾರೆ, ಅದರ ಸ್ಯಾಂಪಲ್ ಪುಟದಲ್ಲೂ ಎ ಯ ಉತ್ತರ 7 ಅಂತಾನೇ ಇದೆ.