ಒಂದು ಟನ್ ಹಾಯ್ಸ್ಟ್‌ಗೆ ಸಿಂಗಲ್ ಸ್ಟಾರ್ಟ್ ವರ್ಮೋ, ಡಬಲ್ ಸ್ಟಾರ್ಟ್ ವರ್ಮೋ?

ಪುಣೆಯ ಭೋಸರಿ ಕಡೆ ನಮ್ಮದೊಂದು ಸಣ್ಣ ಶಾಪ್. ಡೈ ಎತ್ತಿಡೋಕೆ ಎರಡು ಹಾಯ್ಸ್ಟ್ ಇವೆ. ಎರಡೂ ಒಂದು ಟನ್‌ನವು, ಎರಡರಲ್ಲೂ 960 ಆರ್‌ಪಿಎಂ ಮೋಟರ್, ಎರಡೂ ನಿಮಿಷಕ್ಕೆ 4 ಮೀಟರ್ ಎತ್ತುತ್ತವೆ. ವ್ಯತ್ಯಾಸ ಗೇರ್‌ಬಾಕ್ಸ್‌ನಲ್ಲಿ ಮಾತ್ರ. ಹಳೆಯದರಲ್ಲಿ ಸಿಂಗಲ್ ಸ್ಟಾರ್ಟ್ ವರ್ಮ್, ಅಂದರೆ ಒಂದೇ ಎಳೆ ಇರೋ ಸ್ಕ್ರೂ ಥರದ ಗೇರ್. ಅದು ತಿರುಗಿಸೋದು 50 ಹಲ್ಲಿನ ಬ್ರಾಂಜ್ ವೀಲ್, ಹಾಗಾಗಿ 50ಕ್ಕೆ 1. ಇನ್ನೊಂದರಲ್ಲಿ ಅದೇ ಅಳತೆಯ, ಎರಡು ಎಳೆಯ ಡಬಲ್ ಸ್ಟಾರ್ಟ್ ವರ್ಮ್, ಆದ್ದರಿಂದ 25ಕ್ಕೆ 1, ಉಳಿದ 2ಕ್ಕೆ 1 ಡ್ರಮ್ ಹತ್ತಿರ ಇರೋ ಒಂದು ಜೋಡಿ ಸ್ಪರ್ ಗೇರ್‌ನಲ್ಲಿ. ಯಾವುದು ಒಳ್ಳೆಯದು ಅಂತ ತುಂಬಾ ಜನ ಕೇಳ್ತಾರೆ, ಅದಕ್ಕೇ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದನ್ನು ಬರೀತಿದ್ದೇನೆ.

ಸಿಂಗಲ್ ಸ್ಟಾರ್ಟ್ ಪರವಾಗಿ ಎಲ್ಲರೂ ಹೇಳೋದು ಒಂದೇ ಮಾತು. ನಮ್ಮ ಫಿಟ್ಟರ್ ಕಾಕಾ ಇಂಡಿ ಕಡೆಯವರು, ಅವರದೂ ಅದೇ: "ವರ್ಮ್ ಐತಲ್ರೀ ಸಾಹೇಬ್ರ, ತಾನ ಲಾಕ್ ಆಗತದ. ಬ್ರೇಕ್ ಏನ್ ಮಾಡೂದದ?" ಈ ಮಾತನ್ನೇ ಪರೀಕ್ಷೆ ಮಾಡಬೇಕು ಅನ್ನಿಸಿತು.

ಮೊದಲು ಲೆಕ್ಕ ನೋಡೋಣ, ದೊಡ್ಡದೇನಲ್ಲ. ವರ್ಮ್‌ನ ಎಳೆ ಎಷ್ಟು ಓರೆಯಾಗಿದೆ ಅನ್ನೋದು ಲೀಡ್ ಕೋನ, λ. ಘರ್ಷಣೆಯನ್ನೂ ಒಂದು ಕೋನವಾಗಿ ಬರೆಯಬಹುದು, ಅದು φ. ಬೇರಿಂಗ್, ಸೀಲ್ ಬಿಟ್ಟರೆ ಎಫಿಶಿಯೆನ್ಸಿ ಇಷ್ಟೇ:

```
η = tan λ / tan(λ + φ)
```

ನಮ್ಮ ಸಿಂಗಲ್ ಸ್ಟಾರ್ಟ್‌ನ ಲೀಡ್ ಕೋನ 5.7 ಡಿಗ್ರಿ. ಓಡುತ್ತಿರುವಾಗ ಘರ್ಷಣೆ ಸುಮಾರು 0.05 ಅಂತ ಹಿಡಿದರೆ φ 3 ಡಿಗ್ರಿ ಆಗುತ್ತದೆ, ಎಫಿಶಿಯೆನ್ಸಿ ಶೇ. 65. ಡಬಲ್ ಸ್ಟಾರ್ಟ್‌ನ ಕೋನ 11.3 ಡಿಗ್ರಿ, ಅದೇ ಘರ್ಷಣೆಗೆ ಶೇ. 78. ಎಳೆ ಓರೆಯಾದಷ್ಟೂ ಶಕ್ತಿ ಕಡಿಮೆ ಪೋಲಾಗುತ್ತದೆ.

ಲೋಡ್ ತಾನಾಗಿ ಜಾರದೆ ನಿಲ್ಲಬೇಕಾದರೆ λ ಯಾವಾಗಲೂ φಗಿಂತ ಕಡಿಮೆ ಇರಬೇಕು. ಇಲ್ಲೇ ಇರೋದು ಗುಟ್ಟು. ನಿಂತಿರುವಾಗ ಘರ್ಷಣೆ ಜಾಸ್ತಿ, 0.1 ದಾಟುತ್ತದೆ, φ 6 ಡಿಗ್ರಿ ಮೇಲಾಗುತ್ತದೆ. 5.7 ಅದಕ್ಕಿಂತ ಕಡಿಮೆ, ಹಾಗಾಗಿ ಲೋಡ್ ನಿಲ್ಲುತ್ತದೆ. ಒಮ್ಮೆ ತಿರುಗೋಕೆ ಶುರುವಾದರೆ φ 3ಕ್ಕೆ ಇಳಿಯುತ್ತದೆ, ಆಗ ಹಿಡಿತವೇ ಇಲ್ಲ. ಅಂದರೆ ಈ ಬಾಕ್ಸ್ ನಿಂತಿದ್ದರೆ ಲಾಕ್, ಓಡುತ್ತಿದ್ದರೆ ಲಾಕ್ ಅಲ್ಲ.

ನಾವು ನೋಡಿದ್ದೂ ಇದನ್ನೇ. ಕೆಳಗೆ ಮರದ ಸ್ಲೀಪರ್ ಜೋಡಿಸಿ, ಅದರ ಮೇಲೆ ಒಂದಡಿ ಎತ್ತರಕ್ಕೆ ಲೋಡ್ ತೂಗುಹಾಕಿ, ಎಲ್ಲರನ್ನೂ ದೂರ ಕಳಿಸಿ, ಮೋಟರ್ ಕಪ್ಲಿಂಗ್ ಮೇಲೆ ಚಾಕ್‌ಪೀಸ್‌ನಿಂದ ಒಂದು ಗೆರೆ ಎಳೆದು, ಕೈ ಲಿವರ್‌ನಿಂದ ಬ್ರೇಕ್ ಬಿಚ್ಚಿದೆವು. ಬೆಳಿಗ್ಗೆ ಬಾಕ್ಸ್ ತಣ್ಣಗಿದ್ದಾಗ ಗೆರೆ ಅಲ್ಲಾಡಲಿಲ್ಲ, ಕಾಕಾ ಮುಖದಲ್ಲಿ ನಗು. ಮಧ್ಯಾಹ್ನ ಬಾಕ್ಸ್ ಕಾದ ಮೇಲೆ ಅದನ್ನೇ ಮತ್ತೆ ಮಾಡಿದೆವು. ಸುಮ್ನೆ ನಿಂತಿತ್ತು. ಅಷ್ಟರಲ್ಲಿ ಪಕ್ಕದ ಶೆಡ್‌ನ ಪವರ್ ಪ್ರೆಸ್ ಶುರುವಾಯಿತು, ಒಂದೊಂದು ಹೊಡೆತಕ್ಕೂ ಗೆರೆ ಒಂದು ಚೂರು ಸರಿಯಿತು, ಆಮೇಲೆ ನಿಲ್ಲದೆ ತಿರುಗಿ ಲೋಡ್ ಸ್ಲೀಪರ್ ಮೇಲೆ ಕೂತಿತು. ಅದುರುವಿಕೆಯಿಂದ ನಿಂತ ಘರ್ಷಣೆ ಒಮ್ಮೆ ಬಿಟ್ಟುಕೊಂಡರೆ ಮತ್ತೆ ಹಿಡಿಯೋದಿಲ್ಲ. ಇಳಿಸುತ್ತಿರುವಾಗಲೇ ಬಟನ್ ಬಿಟ್ಟು, ಬ್ರೇಕನ್ನು ಕೈಯಲ್ಲಿ ಬಿಚ್ಚಿಟ್ಟರಂತೂ ನಿಲ್ಲಲೇ ಇಲ್ಲ. ಡಬಲ್ ಸ್ಟಾರ್ಟ್ ವಿಷಯದಲ್ಲಿ ಇಷ್ಟು ಕುತೂಹಲ ಇರಲಿಲ್ಲ, ಬ್ರೇಕ್ ಬಿಚ್ಚಿದ ತಕ್ಷಣ ಇಳಿಯಿತು.

ಇನ್ನೊಂದು ವಿಷಯ ಗಮನಿಸಿ. ಲೋಡ್ ಕಡಿಮೆ ಮಾಡಿದರೆ λ ಬದಲಾಗೋದಿಲ್ಲ, ಹಲ್ಲಿನ ಹಿಡಿತವೂ ಬದಲಾಗೋದಿಲ್ಲ. ಆದರೆ ಸೀಲ್, ಬೇರಿಂಗ್‌ಗಳ ಎಳೆತ ಹಗುರ ಲೋಡ್‌ನಲ್ಲಿ ಎದ್ದು ಕಾಣುತ್ತದೆ. ನೂರು ಕಿಲೋ ತೂಗುಹಾಕಿ "ನಿಂತಿತು ನೋಡಿ" ಅಂದುಕೊಂಡರೆ ಒಂದು ಟನ್‌ಗೆ ಅದು ಸಾಕ್ಷಿ ಅಲ್ಲ.

ಓಡುವಾಗಲೂ ಖಂಡಿತ ಲಾಕ್ ಆಗಬೇಕು ಅಂದರೆ ಕೋನವನ್ನು 3 ಡಿಗ್ರಿಗಿಂತ ಕೆಳಗೆ ತರಬೇಕು. ಆಗ ಎಫಿಶಿಯೆನ್ಸಿ ಶೇ. 50ರ ಕೆಳಗೆ ಹೋಗುತ್ತದೆ, ಇದರಿಂದ ತಪ್ಪಿಸಿಕೊಳ್ಳೋ ದಾರಿ ಇಲ್ಲ. ಹಿಡಿದು ನಿಲ್ಲಿಸೋದೂ ಘರ್ಷಣೆಯೇ, ಶಕ್ತಿ ತಿನ್ನೋದೂ ಅದೇ ಘರ್ಷಣೆ.

ತಿಂದ ಶಕ್ತಿ ಬಿಸಿಯಾಗಿ ಹೊರಗೆ ಬರಬೇಕಲ್ವಾ? ಒಂದು ಟನ್ ಎತ್ತೋಕೆ ನಿಜವಾಗಿ ಬೇಕಾದ್ದು 654 ವ್ಯಾಟ್. ಸಿಂಗಲ್ ಸ್ಟಾರ್ಟ್‌ಗೆ 1000 ವ್ಯಾಟ್ ಕೊಡಬೇಕು, ಸುಮಾರು 350 ಬಿಸಿಯಾಗುತ್ತದೆ. ಡಬಲ್ ಸ್ಟಾರ್ಟ್ ಬಾಕ್ಸ್‌ನಲ್ಲಿ 190ರ ಆಸುಪಾಸು. ಇಳಿಸುವಾಗ ಬಾಕ್ಸ್‌ಗೆ ಬಿಡುವು ಸಿಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಇಲ್ಲ. ಇಳಿಯುವ ಲೋಡ್‌ನ ಶಕ್ತಿ ಮೊದಲು ಹಲ್ಲಿನ ಘರ್ಷಣೆಯಲ್ಲೇ ಕರಗಬೇಕು. ಲೆಕ್ಕ ಹಾಕಿದರೆ ಇಳಿಸುವಾಗಲೂ ಹೆಚ್ಚುಕಡಿಮೆ ಅಷ್ಟೇ ಬಿಸಿ ಹುಟ್ಟುತ್ತದೆ.

ನಮ್ಮ ಹೌಸಿಂಗ್‌ನ ಮೈ ಸುಮಾರು 0.35 ಚದರ ಮೀಟರ್, ಫ್ಯಾನ್ ಇಲ್ಲ. ಒಂದು ಡಿಗ್ರಿ ವ್ಯತ್ಯಾಸಕ್ಕೆ 5 ವ್ಯಾಟ್ ಚಿಲ್ಲರೆ ಹೊರಗೆ ಹೋಗುತ್ತದೆ. ಹೊತ್ತಿನ ಶೇ. 40 ಭಾಗ ಓಡಿದರೆ ಸಿಂಗಲ್ ಸ್ಟಾರ್ಟ್ ಗಾಳಿಗಿಂತ 27 ಡಿಗ್ರಿ ಮೇಲೆ, ಡಬಲ್ ಸ್ಟಾರ್ಟ್ 14 ಡಿಗ್ರಿ ಮೇಲೆ ನಿಲ್ಲಬೇಕು. ಹೊರಗೆ 38 ಇದ್ದ ಏಪ್ರಿಲ್ ಮಧ್ಯಾಹ್ನ ಹೌಸಿಂಗ್ ಮೇಲೆ ಕಪ್ಪು ಟೇಪ್ ಅಂಟಿಸಿ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಟೇಪ್ ಯಾಕೆ ಅಂದರೆ ಹೊಳೆಯೋ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಒಂದರಲ್ಲಿ 70, ಇನ್ನೊಂದರಲ್ಲಿ 55. ಸೀಲ್, ಬೇರಿಂಗ್ ಸೇರಿಸಿಕೊಂಡರೆ ಲೆಕ್ಕಕ್ಕೆ ಹತ್ತಿರವೇ. ಡೈ ಬದಲಿಸೋ ಗಡಿಬಿಡಿಯಲ್ಲಿ ಬಿಡದೆ ಓಡಿಸಿದರೆ ಸಿಂಗಲ್ ಸ್ಟಾರ್ಟ್ ಸುಲಭವಾಗಿ 90 ದಾಟುತ್ತದೆ. ಆಗ ಎಣ್ಣೆ ತೆಳುವಾಗಿ, ಬೇಗ ಕಪ್ಪಾಗಿ, ಡ್ರೇನ್ ಪ್ಲಗ್ ಬಿಚ್ಚಿದರೆ ಬಂಗಾರದ ಬಣ್ಣದ ಪುಡಿ ಬರುತ್ತದೆ. ಅದು ಬ್ರಾಂಜ್ ವೀಲ್‌ನ ಹಲ್ಲು.

ಬಿಸಿ ತಗ್ಗಿಸೋಕೆ ಸಿಂಥೆಟಿಕ್ ಎಣ್ಣೆ ಹಾಕಿ ಅನ್ನೋ ಸಲಹೆ ಸಾಮಾನ್ಯ. ಪಿಎಜಿ ಎಣ್ಣೆಯಿಂದ ಘರ್ಷಣೆ 0.035ಕ್ಕೆ ಇಳಿದರೆ ಬಿಸಿ 350ರಿಂದ ಸುಮಾರು 235 ವ್ಯಾಟ್‌ಗೆ ಬರುತ್ತದೆ, ನಿಜಕ್ಕೂ ಒಳ್ಳೆ ಲಾಭ. ಆದರೆ ಬೆಳಿಗ್ಗೆ ಇದ್ದ ಅಷ್ಟಿಷ್ಟು ಹಿಡಿತವೂ ಅದರ ಜೊತೆಗೇ ಹೋಗುತ್ತದೆ. ಹಳೆ ಮಿನರಲ್ ಎಣ್ಣೆ ಜೊತೆ ಪಿಎಜಿ ಬೆರೆಯೋದಿಲ್ಲ, ಪೂರ್ತಿ ತೊಳೆದೇ ಹಾಕಬೇಕು. ಗಂಧಕ ಜಾಸ್ತಿ ಇರೋ ಇಪಿ ಗೇರ್ ಆಯಿಲ್ ಬ್ರಾಂಜ್ ತಿನ್ನುತ್ತದೆ, ಅದು ಬೇಡವೇ ಬೇಡ.

ಹಾಗಾದರೆ ಸಿಂಗಲ್ ಸ್ಟಾರ್ಟ್‌ನಿಂದ ಉಪಯೋಗವೇ ಇಲ್ವಾ? ಇದೆ, ಬ್ರೇಕ್‌ಗೆ ಕೆಲಸ ಕಡಿಮೆ. ನಮ್ಮ ಎರಡೆಳೆ ರೋಪ್, 130 ಮಿ.ಮೀ. ಡ್ರಮ್‌ಗೆ ಮೋಟರ್ ಶಾಫ್ಟ್ ಮೇಲೆ ಲೋಡ್ ತಿರುಗಿಸೋ ಬಲ ಸಿಂಗಲ್‌ನಲ್ಲಿ 3 ನ್ಯೂಟನ್ ಮೀಟರ್, ಡಬಲ್‌ನಲ್ಲಿ 4.7. ಅದೇ ಲೆಕ್ಕ ಹೆಲಿಕಲ್ ಗೇರ್‌ಬಾಕ್ಸ್‌ಗೆ 6ರ ಮೇಲೆ, ಅದರ ಬಿಸಿ ಮಾತ್ರ 40 ವ್ಯಾಟ್ ಅಷ್ಟೇ.

ದಿನಕ್ಕೆ ನಾಲ್ಕೈದು ಸಲ ಎತ್ತಿ ಇಡೋ ಜಾಗಕ್ಕೆ, ಬ್ರೇಕ್ ಸಮೇತ, ನಾನು ಸಿಂಗಲ್ ಸ್ಟಾರ್ಟನ್ನೇ ಇಟ್ಟುಕೊಳ್ಳುತ್ತೇನೆ. ಪ್ರೆಸ್ ಪಕ್ಕದಲ್ಲಿ ಇಡೀ ಶಿಫ್ಟ್ ಓಡೋದಕ್ಕೆ ಡಬಲ್ ಸ್ಟಾರ್ಟ್. ಹೊಸದಾಗಿ ಕೊಳ್ಳೋರು, ಬಳಕೆ ಜಾಸ್ತಿ ಇದ್ದರೆ, ಹೆಲಿಕಲ್ ನೋಡಿ. ಮೂರರಲ್ಲಿ ಯಾವುದೇ ಆದರೂ ಬ್ರೇಕ್ ಲೈನಿಂಗ್ ಮೇಲೆ ಎಣ್ಣೆ ಜಿನುಗಿದೆಯಾ, ಬಟನ್ ಬಿಟ್ಟ ಮೇಲೆ ಕೊಕ್ಕೆ ಎಷ್ಟು ಜಾರುತ್ತದೆ ಅಂತ ವಾರಕ್ಕೊಮ್ಮೆ ಪೂರ್ತಿ ಲೋಡ್ ಹಾಕಿ, ಬಾಕ್ಸ್ ಕಾದ ಮೇಲೆ ನೋಡಿ. ತಣ್ಣಗಿದ್ದಾಗ ನೋಡಿದರೆ ಸಿಂಗಲ್ ಸ್ಟಾರ್ಟ್‌ನಲ್ಲಿ ಸೋತ ಬ್ರೇಕ್ ಕೂಡ ಸರಿಯಾಗೇ ಕಾಣುತ್ತದೆ.